ನೀರಿನ ಪ್ರತಿಬಿಂಬದಲ್ಲಿ ಬೋರ್ಡಿನ ಅಕ್ಷರ ಬದಲಿಸುವುದು: ಅಳತೆಯಿಂದ ಕೊನೆಯ ಪರೀಕ್ಷೆಯವರೆಗೆ

ಫೋಟೊದಲ್ಲಿರುವ ಬೋರ್ಡಿನ ಅಕ್ಷರ ಅಳಿಸಿ ಹೊಸದು ಬರೆಯುವುದು ತುಂಬ ಜನಕ್ಕೆ ಗೊತ್ತು. ಅದೇ ಬೋರ್ಡು ರಸ್ತೆಯಲ್ಲಿ ನಿಂತ ಮಳೆನೀರಿನಲ್ಲೂ ಕಾಣುತ್ತಿದ್ದರೆ ಕೆಲಸ ಅಲ್ಲಿ ಕೆಡುತ್ತದೆ. ನನ್ನ ಹತ್ತಿರ ತಿದ್ದಲು ಬರುವ ಫೋಟೊಗಳಲ್ಲಿ ಮೂರು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಅಕ್ಷರವನ್ನು ಮಗುಚುವ ಬದಲು ತಿರುಗಿಸಿರುತ್ತಾರೆ. ನೀರಿನ ಅಂಚನ್ನೇ ಕನ್ನಡಿಯ ಗೆರೆ ಅಂದುಕೊಂಡು ಅಳೆದಿರುತ್ತಾರೆ. ಇಲ್ಲದಿದ್ದರೆ ಎಲ್ಲ ಸರಿ ಕೂರಿಸಿ, ನೀರಿನ ಮೇಲೆ ಸ್ಟಿಕ್ಕರ್ ಅಂಟಿಸಿದಂತೆ ಬಿಟ್ಟಿರುತ್ತಾರೆ. ಮೂರಕ್ಕೂ ಕಾರಣ ಒಂದೇ: ಅಳೆಯುವ ಮೊದಲೇ ಅಳಿಸಿಬಿಡುವುದು.

ಇಲ್ಲಿ ಒಂದೇ ಫೋಟೊ ಹಿಡಿದು ಮೊದಲಿಂದ ಕೊನೆವರೆಗೆ ಹೋಗೋಣ. ಸಂಜೆ ಮಳೆ ನಿಂತ ಮೇಲೆ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ಚಿತ್ರ. ಅಗಲ 3000 ಪಿಕ್ಸೆಲ್, ಎತ್ತರ 4000. ಸುಮಾರು 10 ಮೀಟರ್ ದೂರದಲ್ಲಿ ಒಂದು ಬೇಕರಿ. ಕೆಂಪು ಬೋರ್ಡಿನ ಮೇಲೆ ಬಿಳಿ ಅಕ್ಷರ, ಎರಡು ಸಾಲು: ಮೇಲೆ IYENGAR BAKERY, ಕೆಳಗೆ BREAD CAKE PUFFS. ನಮ್ಮ ಕಾಲ ಬುಡದಲ್ಲೇ ನೀರು ನಿಂತಿದೆ, ಅದರಲ್ಲಿ ಬೋರ್ಡು ತಲೆಕೆಳಗಾಗಿ ಕಾಣುತ್ತಿದೆ. ಅಂಗಡಿಯವರು ಬೋರ್ಡನ್ನು ಕನ್ನಡಕ್ಕೆ ಬದಲಿಸಿದ್ದಾರೆ. ಫೋಟೊದಲ್ಲೂ ‘ಅಯ್ಯಂಗಾರ್ ಬೇಕರಿ’, ‘ಬ್ರೆಡ್ ಕೇಕ್ ಪಫ್ಸ್’ ಆಗಬೇಕು.

ಏನೇನು ಬೇಕು

ನಾನು ಬಳಸುವುದು ಉಚಿತವಾಗಿ ಸಿಗುವ ಜಿಂಪ್, 2.10 ಆವೃತ್ತಿ. ಮೆನು ಹೆಸರುಗಳನ್ನು ಅದರಲ್ಲಿ ಕಾಣುವ ಹಾಗೇ ಕೊಟ್ಟಿದ್ದೇನೆ. ಬೇರೆ ತಂತ್ರಾಂಶದಲ್ಲೂ ಕ್ರಮ ಇದೇ, ಹೆಸರು ಮಾತ್ರ ಬೇರೆ. ಬೋರ್ಡಿನ ಅಕ್ಷರಕ್ಕೆ ಹತ್ತಿರವಾದ ಒಂದು ಯೂನಿಕೋಡ್ ಕನ್ನಡ ಫಾಂಟ್ ಇರಲಿ. ಜೊತೆಗೆ ಒಂದು ಹಾಳೆ, ಪೆನ್ನು. ಅಳತೆಗಳನ್ನು ಬರೆದಿಟ್ಟುಕೊಳ್ಳದೆ ಈ ಕೆಲಸ ಆಗುವುದಿಲ್ಲ.

## 1. ಯಾವ ಕಡೆಗೆ ಮಗುಚಬೇಕು ಎಂದು ಮೊದಲು ತೀರ್ಮಾನಿಸಿ

ನಿಂತ ನೀರು ನೆಲದ ಮೇಲೆ ಮಲಗಿಸಿಟ್ಟ ಕನ್ನಡಿ. ಅದರಲ್ಲಿ ಮೇಲಿದ್ದದ್ದು ಕೆಳಗೆ ಬರುತ್ತದೆ. ಎಡಕ್ಕಿದ್ದದ್ದು ಎಡಕ್ಕೇ ಉಳಿಯುತ್ತದೆ. ಹಾಗಾಗಿ ನೀರಿಗೆ ಬೇಕಾದದ್ದು `Flip Vertically`. 180 ಡಿಗ್ರಿ ತಿರುಗಿಸಿದರೆ ಅಕ್ಷರ ತಲೆಕೆಳಗಾಗುವುದು ನಿಜ, ಆದರೆ ಎಡಬಲವೂ ಅದಲುಬದಲಾಗುತ್ತದೆ. ಅದು ಪ್ರತಿಬಿಂಬ ಅಲ್ಲ.

ನಾನೂ ಒಂದು ಸಲ ಕ್ಯಾಲೆಂಡರ್ ಕೆಲಸದಲ್ಲಿ ಹೀಗೆ ತಿರುಗಿಸಿ ಕೊಟ್ಟಿದ್ದೆ. ಹಾಳೆಯನ್ನು ತಲೆಕೆಳಗೆ ಹಿಡಿದು ನೋಡಿದಾಗ ಅಕ್ಷರ ಚೆನ್ನಾಗಿ ಓದಲು ಬಂತು, ಸರಿಯಾಗಿದೆ ಅಂದುಕೊಂಡೆ. ತಪ್ಪಾಗಿದೆ ಎನ್ನುವುದಕ್ಕೆ ಅದೇ ಗುರುತು. ನೀರಿನ ಪ್ರತಿಬಿಂಬವನ್ನು ಹಾಳೆ ತಿರುಗಿಸಿ ನೋಡಿದರೆ ಅಕ್ಷರ ಹಿಂದುಮುಂದಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಕಾಣಬೇಕು. ಸಲೀಸಾಗಿ ಓದಲು ಬಂದರೆ ನೀವು ಮಗುಚಿಲ್ಲ, ತಿರುಗಿಸಿದ್ದೀರಿ.

ಇನ್ನೂ ಬೇಗ ಆಗುವ ಪರೀಕ್ಷೆ ಮೊದಲ ಅಕ್ಷರದ್ದು. ಬೋರ್ಡಿನಲ್ಲಿ ‘ಅ’ ಎಲ್ಲಿದೆಯೋ, ನೀರಿನಲ್ಲೂ ಅದರ ನೇರ ಕೆಳಗೇ ‘ಅ’ ಇರಬೇಕು. ಸಾಲುಗಳ ಕ್ರಮವನ್ನೂ ನೋಡಿ. ‘ಅಯ್ಯಂಗಾರ್ ಬೇಕರಿ’ ಬೋರ್ಡಿನ ಮೇಲಿನ ಸಾಲು, ನೀರಿನಲ್ಲಿ ಅದು ಕೆಳಗಿನ ಸಾಲಾಗಬೇಕು. ಒಂದೊಂದೇ ಸಾಲನ್ನು ಬೇರೆ ಬೇರೆ ಮಗುಚುವವರು ಇಲ್ಲಿ ಎಡವುತ್ತಾರೆ. ಒತ್ತಕ್ಷರವೂ ಹಾಗೇ: ‘ಯ್ಯ’ದ ಒತ್ತು ನೀರಿನಲ್ಲಿ ಅಕ್ಷರದ ಮೇಲೆ ಬರುತ್ತದೆ.

ಗೋಡೆಗೆ ಹಾಕಿದ ಕನ್ನಡಿಯಾದರೆ `Flip Horizontally`. ಆದರೆ ಕನ್ನಡಿ ಅಂದ ತಕ್ಷಣ ಅಕ್ಷರ ಹಿಂದುಮುಂದು ಅಂತ ಹಾಕಿಬಿಡಬೇಡಿ, ಅದು ಎಷ್ಟು ಸಲ ಮಗುಚಿದೆ ಎಂದು ಎಣಿಸಿ. ಕಟಿಂಗ್ ಶಾಪಿನ ಗಾಜಿನ ಬಾಗಿಲ ಮೇಲೆ, ಹೊರಗಿನವರು ಓದಲಿ ಎಂದು ಅಕ್ಷರ ಅಂಟಿಸಿರುತ್ತಾರೆ. ಒಳಗಿನಿಂದ ನೋಡಿದರೆ ಅದು ಹಿಂದುಮುಂದು. ಆ ಬಾಗಿಲು ಒಳಗಿನ ಕನ್ನಡಿಯಲ್ಲಿ ಕಂಡಾಗ ಇನ್ನೊಂದು ಸಲ ಅದಲುಬದಲಾಗಿ ನೆಟ್ಟಗೆ ಓದಲು ಬರುತ್ತದೆ. ಅಲ್ಲಿ ಮಗುಚಿದರೇ ತಪ್ಪು. ಆಂಬುಲೆನ್ಸಿನ ಮುಂದೆ ಹೆಸರನ್ನು ಹಿಂದುಮುಂದಾಗಿ ಬರೆಯುವುದೂ ಇದೇ ಲೆಕ್ಕದಲ್ಲಿ, ಮುಂದಿನ ಗಾಡಿಯವರ ಕನ್ನಡಿಯಲ್ಲಿ ಸರಿಯಾಗಿ ಕಾಣಲಿ ಎಂದು.

## 2. ಅಳಿಸುವ ಮೊದಲು ಅಳೆಯಿರಿ

ಹಳೆಯ ಇಂಗ್ಲಿಷ್ ಅಕ್ಷರಗಳೇ ನಿಮಗೆ ಸಿಗುವ ಅತ್ಯಂತ ಒಳ್ಳೆ ಅಳತೆಗೋಲು. ಒಮ್ಮೆ ಅಳಿಸಿದರೆ ಅದು ಹೋಯಿತು. ಮೂಲ ಚಿತ್ರದ ಲೇಯರನ್ನು ನಕಲು ಮಾಡಿ, ಮೂಲವನ್ನು ಮುಟ್ಟದೆ ಕೆಳಗೆ ಬಿಡಿ.

ಈಗ ಜೋಡಿ ಬಿಂದುಗಳನ್ನು ಹುಡುಕಿ. ಬೋರ್ಡಿನ ಒಂದು ಮೂಲೆ, ನೀರಿನಲ್ಲಿ ಅದೇ ಮೂಲೆ. ಎರಡರ ಮೇಲೂ ಮೌಸ್ ಇಟ್ಟರೆ ಕಿಟಕಿಯ ಕೆಳಗಡೆ ಅದರ ಸ್ಥಾನ ಕಾಣುತ್ತದೆ. ಮೊದಲ ಅಂಕಿ ಎಡದಿಂದ ಎಷ್ಟು ದೂರ, ಎರಡನೆಯದು ಮೇಲಿನಿಂದ ಎಷ್ಟು ಕೆಳಗೆ. ನಮ್ಮ ಚಿತ್ರದಲ್ಲಿ ಬೋರ್ಡಿನ ಮೇಲಿನ ಅಂಚು 1350ರಲ್ಲಿದೆ, ನೀರಿನಲ್ಲಿ ಅದೇ ಅಂಚು 3578ರಲ್ಲಿದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ 2464. ಬೋರ್ಡಿನ ಕೆಳ ಅಂಚು 1590, ನೀರಿನಲ್ಲಿ 3338. ಇದರ ಅರ್ಧವೂ 2464. ಈ 2464 ಎನ್ನುವುದೇ ಕನ್ನಡಿಯ ಗೆರೆ. ಬೋರ್ಡಿನ ಪ್ರತಿಯೊಂದು ಚುಕ್ಕಿಯೂ ಇದರಿಂದ ಎಷ್ಟು ಮೇಲಿದೆಯೋ, ಪ್ರತಿಬಿಂಬದಲ್ಲಿ ಅಷ್ಟೇ ಕೆಳಗಿರುತ್ತದೆ.

ಈ ಗೆರೆ ನೀರಿನ ಅಂಚಿನಲ್ಲಿ ಇಲ್ಲ, ಗಮನಿಸಿ. ನಮ್ಮ ಚಿತ್ರದಲ್ಲಿ ನೀರು ಶುರುವಾಗುವುದೇ 2464ಕ್ಕಿಂತ ಎಷ್ಟೋ ಕೆಳಗೆ. ಗೆರೆ ಇರುವುದು ಬೋರ್ಡಿನ ಬುಡದಲ್ಲಿ. ಬೋರ್ಡಿನಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ನೇರ ಕೆಳಗೆ ಬಿಟ್ಟರೆ, ಅದು ನೀರಿನ ಮಟ್ಟವನ್ನು ಮುಟ್ಟುವ ಜಾಗ ಅದು. ಅಲ್ಲಿ ನಿಜವಾಗಿ ನೀರು ಇರಲೇಬೇಕೆಂದಿಲ್ಲ.

ಗೋಡೆಯ ಬುಡವೂ ಅಲ್ಲ. ಈ ಫೋಟೊದಲ್ಲಿ ಗೋಡೆ ನೆಲಕ್ಕೆ ತಾಗುವುದು 2450ರಲ್ಲಿ. ಬೋರ್ಡು ಗೋಡೆಯಿಂದ ಒಂದಡಿಯಷ್ಟು ಮುಂದೆ ಬಂದಿದೆ, ಹಾಗಾಗಿ ಅದರ ಬುಡ 14 ಪಿಕ್ಸೆಲ್ ಕೆಳಗಿದೆ. ಗೋಡೆಯ ಬುಡ ಹಿಡಿದು ಲೆಕ್ಕ ಹಾಕಿದ್ದರೆ ಅಕ್ಷರ 28 ಪಿಕ್ಸೆಲ್ ತಪ್ಪು ಜಾಗದಲ್ಲಿ ಕೂರುತ್ತಿತ್ತು. ನೀರಿನಲ್ಲಿ ಉಳಿದಿರುವ ಕೆಂಪು ಬೋರ್ಡಿನ ಒಳಗೆ ಅಕ್ಷರ ಒಂದು ಕಡೆಗೆ ಸರಿದು ಕಾಣುತ್ತಿತ್ತು. ಬುಡ ಎಲ್ಲಿರಬಹುದು ಎಂದು ಊಹಿಸಬೇಡಿ, ಜೋಡಿ ಬಿಂದುಗಳೇ ಹೇಳುತ್ತವೆ.

ಕನಿಷ್ಠ ಮೂರು ಜೋಡಿ ಅಳೆಯಿರಿ, ಎಡಗಡೆ, ಬಲಗಡೆ, ಮತ್ತು ಮೇಲಿನ ಅಂಚಿನದು ಒಂದು. ಅಂಕಿಗಳು ಹೊಂದದಿದ್ದರೆ ಅದೂ ಒಂದು ಸುದ್ದಿಯೇ. ಹೀಗೆ ಓದಿಕೊಳ್ಳಿ:

- ಎಲ್ಲ ಜೋಡಿಯೂ ಒಂದೇ ಕಡೆಗೆ ಓರೆಯಾಗಿ ಸರಿದಿದ್ದರೆ ಮೊಬೈಲ್ ಪಕ್ಕಕ್ಕೆ ವಾಲಿತ್ತು. ಮೊದಲು ಇಡೀ ಚಿತ್ರವನ್ನು ತಿರುಗಿಸಿ ನೆಟ್ಟಗೆ ಮಾಡಿ, ಮತ್ತೆ ಅಳೆಯಿರಿ.
- ಎಡದ ಜೋಡಿ ಬಲಕ್ಕೆ, ಬಲದ ಜೋಡಿ ಎಡಕ್ಕೆ ಸರಿಯುತ್ತಾ ಕೆಳಗೆ ಕಿರಿದಾಗಿದ್ದರೆ ಮೊಬೈಲ್ ನೆಲದ ಕಡೆಗೆ ಬಾಗಿತ್ತು. ಸುಮ್ನೆ ಮಗುಚಿದರೆ ಸಾಲದು, 5ನೇ ಹಂತದ ನಾಲ್ಕು ಮೂಲೆಯ ದಾರಿ ಹಿಡಿಯಬೇಕು.
- ಎಡ ಮತ್ತು ಬಲ ಜೋಡಿಗಳ ಅರ್ಧ ಬೇರೆ ಬೇರೆ ಬಂದರೆ ಅಂಗಡಿ ನಿಮಗೆ ಓರೆಯಾಗಿದೆ. ಗೆರೆಯೂ ಓರೆ. ಇಲ್ಲೂ ನಾಲ್ಕು ಮೂಲೆಯ ದಾರಿಯೇ.
- ಮೇಲಿನ ಅಂಚಿನ ಅರ್ಧ, ಕೆಳ ಅಂಚಿನದಕ್ಕಿಂತ ದೊಡ್ಡ ಅಂಕಿಯಾದರೆ ಬೋರ್ಡಿನ ತಲೆ ರಸ್ತೆಯ ಕಡೆಗೆ ಬಾಗಿದೆ. ಅಂಥ ಬೋರ್ಡು ನೀರಿನಲ್ಲಿ ಸ್ವಲ್ಪ ಎತ್ತರವಾಗಿ ಕಾಣುವುದು ಸಹಜ, ಏಕೆಂದರೆ ನೀರು ಅದನ್ನು ಕೆಳಗಿನಿಂದ ನೋಡುತ್ತದೆ.

ನಮ್ಮ ಫೋಟೊದಲ್ಲಿ ಮೂರೂ ಜೋಡಿ ಹೊಂದಿದವು. ಹಾಗಾಗಿ ಪ್ರತಿಬಿಂಬದ ಅಕ್ಷರದ ಅಳತೆ ಬೋರ್ಡಿನ ಅಕ್ಷರದ ಅಳತೆಯೇ. ನೀರು ಹತ್ತಿರ ಇದೆ ಎಂದು ದೊಡ್ಡದು ಮಾಡುವುದು, ‘ನೆರಳು ತಾನೇ’ ಎಂದು ಚಿಕ್ಕದು ಮಾಡುವುದು, ಎರಡೂ ತಪ್ಪು.

ಕೊನೆಗೆ ಇನ್ನೆರಡು ಕೆಲಸ. ಹೊಸ ಖಾಲಿ ಲೇಯರ್ ತೆಗೆದು, ನೀರಿನಲ್ಲಿರುವ ಹಳೆ ಅಕ್ಷರಗಳ ಅಂಚನ್ನು ತೆಳುವಾದ ಹಸಿರು ಗೆರೆಯಲ್ಲಿ ನಕಲು ಮಾಡಿ. ಅಂಚು ಎಲ್ಲಿ ಅಲೆಯಂತೆ ಬಳುಕುತ್ತದೆ, ಎಲ್ಲಿ ತುಂಡಾಗುತ್ತದೆ, ಎಲ್ಲವೂ ಬರಲಿ. ಆಮೇಲೆ `Color Picker` ಹಿಡಿದು ನೀರಿನ ಹಳೆ ಅಕ್ಷರದ ಬಣ್ಣವನ್ನು ಎರಡು ಕಡೆ ತೆಗೆದುಕೊಳ್ಳಿ, ಒಂದು ನಮಗೆ ಹತ್ತಿರದ ಸಾಲಿನಿಂದ, ಇನ್ನೊಂದು ದೂರದ ಸಾಲಿನಿಂದ. ಎರಡನ್ನೂ ಬರೆದಿಡಿ.

## 3. ಮೊದಲು ಮೇಲಿನ ಬೋರ್ಡು ಮುಗಿಸಿ

ಪ್ರತಿಬಿಂಬ ಹುಟ್ಟುವುದು ಬೋರ್ಡಿನಿಂದ. ಬೋರ್ಡು ಇನ್ನೂ ತೀರ್ಮಾನ ಆಗದಿರುವಾಗ ನೀರಿನ ಕೆಲಸ ಶುರು ಮಾಡಿದರೆ, ಅಂಗಡಿಯವರು ಒಂದು ಅಕ್ಷರ ಸರಿಸಿ ಅಂದ ತಕ್ಷಣ ಎಲ್ಲ ಮತ್ತೆ ಮಾಡಬೇಕಾಗುತ್ತದೆ. ಮೇಲಿನದಕ್ಕೆ ಒಪ್ಪಿಗೆ ಸಿಕ್ಕ ಮೇಲೇ ಕೆಳಗೆ ಇಳಿಯಿರಿ.

ಇಂಗ್ಲಿಷಿನ ದೊಡ್ಡಕ್ಷರ ಎರಡು ಸಮ ಗೆರೆಗಳ ನಡುವೆ ನಿಲ್ಲುತ್ತದೆ. ಕನ್ನಡ ಹಾಗಲ್ಲ. ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತು. ‘ಬ್ರೆಡ್’ನ ರ ಒತ್ತು, ‘ಪಫ್ಸ್’ನ ಸ ಒತ್ತು ಬೋರ್ಡಿನ ಕೆಳ ಅಂಚಿನ ಹತ್ತಿರ ಬರುತ್ತವೆ. ಹಳೆ ಅಕ್ಷರದ ಎತ್ತರಕ್ಕೇ ಕನ್ನಡ ಅಕ್ಷರದ ಮೈ ಹೊಂದಿಸಿದರೆ ಒತ್ತು ಅಂಚಿಗೆ ತಾಗುತ್ತದೆ. ಬೋರ್ಡಿನ ಮೇಲೆ ಅದು ಸರಿ ಅನ್ನಿಸಬಹುದು. ನೀರಿನಲ್ಲಿ ಮಸುಕಾದಾಗ ಒತ್ತು ಮತ್ತು ಅಂಚು ಕೂಡಿಕೊಂಡು ಒಂದು ಮಚ್ಚೆಯಂತೆ ಕಾಣುತ್ತದೆ. ಮೊದಲೇ ಅಕ್ಷರದ ಅಳತೆಯನ್ನು ಸ್ವಲ್ಪ ಚಿಕ್ಕದು ಮಾಡಿ, ಒತ್ತಿನ ಕೆಳಗೆ ಒಂದಿಷ್ಟು ಕೆಂಪು ಉಳಿಸಿ.

ಎರಡೂ ಸಾಲು ಮುಗಿದ ಮೇಲೆ ಆ ಅಕ್ಷರದ ಲೇಯರುಗಳನ್ನು ನಕಲು ಮಾಡಿ, ನಕಲುಗಳನ್ನು ಒಂದೇ ಲೇಯರಾಗಿ ಸೇರಿಸಿ. ಮೂಲ ಟೆಕ್ಸ್ಟ್ ಲೇಯರುಗಳು ಹಾಗೇ ಇರಲಿ. ಮಗುಚಿದ ಟೆಕ್ಸ್ಟ್ ಲೇಯರನ್ನು ಆಮೇಲೆ ತಿದ್ದಲು ಹೋದರೆ ಜಿಂಪ್ ಅದನ್ನು ಮತ್ತೆ ನೆಟ್ಟಗೆ ಬರೆದುಬಿಡುತ್ತದೆ, ಮಾಡಿದ ಕೆಲಸವೆಲ್ಲ ಹೋಗುತ್ತದೆ. ಮಗುಚುವುದು ನಕಲನ್ನು ಮಾತ್ರ.

## 4. ನೀರಿನಲ್ಲಿರುವ ಹಳೆ ಅಕ್ಷರ ಅಳಿಸಿ

ಬೋರ್ಡಿನ ಕೆಂಪು ಹಾಗೇ ಉಳಿಯಬೇಕು, ಬಿಳಿ ಅಕ್ಷರ ಮಾತ್ರ ಹೋಗಬೇಕು. ಕೆಂಪಿನಲ್ಲಿ ನೀರಿನ ನಿಜವಾದ ಅಲೆ, ನಿಜವಾದ ಬೆಳಕು ಇದೆ. ಇಡೀ ಬೋರ್ಡನ್ನು ಅಳಿಸಿ ಹೊಸ ಬೋರ್ಡು ಮಗುಚಿ ಹಾಕುವವರು ಅದನ್ನೆಲ್ಲ ಕಳೆದುಕೊಂಡು, ಆಮೇಲೆ ಕೈಯಿಂದ ಹುಟ್ಟಿಸಲು ಕೂರುತ್ತಾರೆ.

`Clone` ಉಪಕರಣ ತೆಗೆದುಕೊಳ್ಳಿ. ಅಕ್ಷರದ ಎಡ ಅಥವಾ ಬಲಕ್ಕೆ, ಅದೇ ಎತ್ತರದಲ್ಲಿರುವ ಕೆಂಪಿನಿಂದ ಬಣ್ಣ ಎತ್ತಿ ಅಕ್ಷರದ ಮೇಲೆ ಹಾಕಿ. ಮೇಲಿನಿಂದ ಅಥವಾ ಕೆಳಗಿನಿಂದ ಎತ್ತಬೇಡಿ. ನೀರಿನ ಬೆಳಕು ಮೇಲಿಂದ ಕೆಳಕ್ಕೆ ಬದಲಾಗುತ್ತಾ ಹೋಗುತ್ತದೆ, ಅಲೆಯ ಗೆರೆಗಳು ಅಡ್ಡಕ್ಕೆ ಓಡುತ್ತವೆ. ಅಡ್ಡಕ್ಕೆ ಎತ್ತಿದರೆ ಎರಡೂ ಹೊಂದುತ್ತವೆ. `Heal` ಉಪಕರಣ ಇಲ್ಲಿ ಜಾಸ್ತಿ ಸಹಾಯ ಮಾಡುವುದಿಲ್ಲ. ಸುತ್ತಲಿನ ಬಿಳಿಯನ್ನೂ ಕಲಸಿಕೊಂಡು ಗುಲಾಬಿ ಕಲೆ ಬಿಡುತ್ತದೆ.

ನೀರಿನಲ್ಲಿ ತೇಲುವ ಎಲೆ, ಮೇಲೆದ್ದ ಜಲ್ಲಿಕಲ್ಲು, ಟೈರಿನ ಗುರುತು, ಇವುಗಳನ್ನು ಮುಟ್ಟಬೇಡಿ. ಅಕ್ಷರ ನೀರಿನಲ್ಲಿದೆ ಎಂದು ನೋಡುವವರ ಕಣ್ಣನ್ನು ಒಪ್ಪಿಸುವುದು ಅವೇ.

## 5. ಮಗುಚಿ, ಲೆಕ್ಕದ ಜಾಗಕ್ಕೆ ಇಳಿಸಿ

ಸೇರಿಸಿಟ್ಟ ಅಕ್ಷರದ ಲೇಯರನ್ನು ಆರಿಸಿ `Layer > Layer to Image Size` ಕೊಡಿ. ಈಗ ಲೇಯರ್ ಇಡೀ ಚಿತ್ರದಷ್ಟು ದೊಡ್ಡದು. ಇದನ್ನು ಬಿಟ್ಟರೆ ಮುಂದಿನ ಲೆಕ್ಕ ಹೊಂದುವುದಿಲ್ಲ. ಆಮೇಲೆ `Layer > Transform > Flip Vertically`. ಅಕ್ಷರ ಚಿತ್ರದ ನಟ್ಟನಡುವಿನ ಗೆರೆಯ ಸುತ್ತ, ಅಂದರೆ 2000ದ ಸುತ್ತ ಮಗುಚಿಕೊಳ್ಳುತ್ತದೆ. ನಮಗೆ ಬೇಕಾದ ಗೆರೆ 2464. ವ್ಯತ್ಯಾಸದ ಎರಡರಷ್ಟು ಕೆಳಗೆ ಇಳಿಸಿದರೆ ಆಯಿತು:

```
ಇಳಿಸಬೇಕಾದದ್ದು = 2 × ಕನ್ನಡಿಯ ಗೆರೆ − ಚಿತ್ರದ ಎತ್ತರ
              = 2 × 2464 − 4000
              = 928
```

`Layer > Transform > Offset` ತೆರೆದು `Y` ಎಂಬಲ್ಲಿ 928 ಕೊಡಿ, `X` ಸೊನ್ನೆಯೇ ಇರಲಿ. ಅಕ್ಷರ ಒಂದೇ ಸಲಕ್ಕೆ ಜಾಗಕ್ಕೆ ಬಂದು ಕೂರುತ್ತದೆ. ಕೈಯಿಂದ ಎಳೆದು ಕೂರಿಸುವ ಅಭ್ಯಾಸ ಬಿಡಿ. ಎಳೆಯುವಾಗ ನಾಲ್ಕೈದು ಪಿಕ್ಸೆಲ್ ಪಕ್ಕಕ್ಕೆ ಸರಿದರೂ ‘ಅ’ದ ಕೆಳಗೆ ‘ಅ’ ಇರುವುದಿಲ್ಲ.

ಸರಿ ಕೂತಿದೆಯೇ ಎಂದು ನೋಡಲು `Image > Guides > New Guide` ಕೊಟ್ಟು 3338 ಮತ್ತು 3578ರಲ್ಲಿ ಅಡ್ಡ ಗೆರೆ ಹಾಕಿ. ಎರಡೂ ಸಾಲು ಈ ಗೆರೆಗಳ ನಡುವೆ ಇರಬೇಕು. ಬೋರ್ಡಿನಲ್ಲಿ ಅಕ್ಷರಕ್ಕೂ ಅಂಚಿಗೂ ಎಷ್ಟು ಕೆಂಪು ಉಳಿದಿದೆಯೋ, ಇಲ್ಲೂ ಅಷ್ಟೇ ಉಳಿದಿರಬೇಕು.

ಗೆರೆ ಓರೆ ಇದ್ದರೆ, ಮೊಬೈಲ್ ಬಾಗಿದ್ದರೆ: ನಾಲ್ಕು ಮೂಲೆಯ ದಾರಿ

ಆಗ ಬೋರ್ಡಿನ ಮೇಲೆ ಕೂರಿಸಿದ ಅಕ್ಷರವನ್ನು ನಕಲು ಮಾಡಬೇಡಿ. ಬೋರ್ಡಿನ ಉದ್ದ ಅಗಲದ ಪ್ರಮಾಣಕ್ಕೆ ಒಂದು ಆಯತಾಕಾರದ ಲೇಯರ್ ಮಾಡಿ, ಅದರೊಳಗೆ ಅಕ್ಷರವನ್ನು ನೇರವಾಗಿ ಬರೆದು ಸೇರಿಸಿ. ಮೊದಲು ಅದನ್ನು ಮಗುಚಿ. ಆಮೇಲೆ `Perspective` ಉಪಕರಣ ಹಿಡಿದು, ಆಯತದ ನಾಲ್ಕು ಮೂಲೆಗಳನ್ನು ನೀರಿನಲ್ಲಿ ಕಾಣುವ ಬೋರ್ಡಿನ ನಾಲ್ಕು ಮೂಲೆಗಳಿಗೆ ಎಳೆಯಿರಿ. ಮಗುಚುವುದನ್ನು ಬಿಟ್ಟು ಮೂಲೆಗಳನ್ನೇ ಅಡ್ಡಾದಿಡ್ಡಿ ಎಳೆದು ತಲೆಕೆಳಗು ಮಾಡಲು ಹೋದರೆ ಅಕ್ಷರ ನಡುವೆ ಗಂಟು ಬೀಳುತ್ತದೆ.

ಒಂದು ಮೂಲೆ ನೀರಿನ ಹೊರಗೆ ಉಳಿದು ಕಾಣದಿದ್ದರೆ ಅಂಚುಗಳ ಗೆರೆ ಹಿಡಿದು ಹುಡುಕಿ. ಅಂಗಡಿ ಓರೆಯಾಗಿದ್ದಾಗ ಬೋರ್ಡಿನ ಅಡ್ಡ ಅಂಚುಗಳನ್ನು ಮುಂದುವರಿಸುತ್ತಾ ಹೋದರೆ ಅವು ದೂರದಲ್ಲಿ ಒಂದು ಬಿಂದುವಿನಲ್ಲಿ ಸೇರುತ್ತವೆ. ಪ್ರತಿಬಿಂಬದ ಅಡ್ಡ ಅಂಚುಗಳೂ ಅದೇ ಬಿಂದುವಿಗೇ ಹೋಗಿ ಸೇರಬೇಕು. ಕಾಣದ ಮೂಲೆ ಆ ಗೆರೆಯ ಮೇಲೇ ಇರುತ್ತದೆ. ನಿಮ್ಮ ಪ್ರತಿಬಿಂಬದ ಅಂಚು ಬೇರೆ ಕಡೆಗೆ ಹೋಗುತ್ತಿದ್ದರೆ ಎಲ್ಲೋ ಒಂದು ಮೂಲೆ ತಪ್ಪಿದೆ.

ಗೋಡೆಯ ಕನ್ನಡಿಗೂ ಈ ದಾರಿಯೇ, ಮಗುಚುವುದು ಮಾತ್ರ ಅಡ್ಡಕ್ಕೆ. ಅಲ್ಲಿ ಇನ್ನೊಂದು ವಿಷಯ ಇದೆ. ಮನೆ ಕನ್ನಡಿಯಲ್ಲಿ ಬೆಳ್ಳಿ ಲೇಪ ಗಾಜಿನ ಹಿಂದಿರುತ್ತದೆ, ಮುಂದಿನ ಗಾಜೂ ಒಂದಿಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಓರೆಯಿಂದ ತೆಗೆದ ಫೋಟೊದಲ್ಲಿ ಹೊಳೆಯುವ ಅಕ್ಷರದ ಪಕ್ಕದಲ್ಲಿ ಅದರದೇ ಒಂದು ತೆಳು ಜೋಡಿ ಕಾಣುವುದು ಇದರಿಂದ. ಹಳೆ ಅಕ್ಷರಕ್ಕೆ ಅದು ಇದ್ದರೆ ಹೊಸದಕ್ಕೂ ಬೇಕು: ಲೇಯರನ್ನು ನಕಲು ಮಾಡಿ, ಹಳೆಯದು ಎಷ್ಟು ದೂರ ಸರಿದಿತ್ತೋ ಅಷ್ಟೇ ಸರಿಸಿ, ತುಂಬ ತೆಳುವಾಗಿಸಿ.

## 6. ಅಕ್ಷರವನ್ನು ನೀರಿಗೆ ಇಳಿಸಿ: ಅಲೆ, ಬಣ್ಣ, ಮಸುಕು

ಈಗ ಅಕ್ಷರ ಸರಿಯಾದ ಜಾಗದಲ್ಲಿದೆ, ಆದರೆ ಸ್ಟಿಕ್ಕರಿನಂತಿದೆ. ಇಲ್ಲಿಂದ ಮುಂದೆ ಕ್ರಮ ಮುಖ್ಯ: ಮೊದಲು ಅಲೆ, ಆಮೇಲೆ ಬಣ್ಣ, ಕೊನೆಗೆ ಮಸುಕು. ಮೊದಲೇ ಮಸುಕು ಮಾಡಿದರೆ ಅಂಚು ಎಲ್ಲಿದೆ ಎಂದೇ ಕಾಣದೆ, ಅಲೆ ಹೊಂದಿಸಲು ಆಗುವುದಿಲ್ಲ.

ಅಲೆ. 2ನೇ ಹಂತದಲ್ಲಿ ಬರೆದ ಹಸಿರು ಗೆರೆಯ ಲೇಯರನ್ನು ಮೇಲಕ್ಕೆ ತನ್ನಿ. ಹಳೆ R ಅಕ್ಷರದ ಕಾಲು ಯಾವ ಎತ್ತರದಲ್ಲಿ ಬಲಕ್ಕೆ ಬಳುಕಿತ್ತು ಎಂದು ಅದರಲ್ಲಿ ಕಾಣುತ್ತದೆ. ಆ ಎತ್ತರದಲ್ಲಿ ಅಕ್ಕಪಕ್ಕದ ಅಕ್ಷರಗಳೂ ಹಾಗೇ ಬಳುಕಬೇಕು. `Warp Transform` ಉಪಕರಣದಲ್ಲಿ ದೊಡ್ಡ ಕುಂಚ, ಕಡಿಮೆ ಬಲ ಇಟ್ಟು, ಅಡ್ಡಡ್ಡಲಾಗಿ ಮೆಲ್ಲಗೆ ತಳ್ಳಿ. ಸಿದ್ಧ ಅಲೆಯ ಫಿಲ್ಟರ್ ಹಾಕಿದರೆ ಎಲ್ಲ ಕಡೆ ಒಂದೇ ಅಳತೆಯ ಅಲೆ ಬರುತ್ತದೆ, ಪಕ್ಕದ ಕಂಬದ ಪ್ರತಿಬಿಂಬದ ಜೊತೆ ಅದು ಜಗಳ ಆಡುತ್ತದೆ.

ಬಣ್ಣ. ಬೋರ್ಡಿನ ಬಿಳಿಯೇ ನೀರಿನಲ್ಲೂ ಬಿಳಿ ಆಗಿರಲು ಸಾಧ್ಯವಿಲ್ಲ. ನೆಟ್ಟಗೆ ಮೇಲಿನಿಂದ ನೋಡಿದರೆ ನೀರು ಬೆಳಕಿನ ಶೇಕಡಾ 2ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. 60 ಡಿಗ್ರಿ ಓರೆಯಿಂದ ನೋಡಿದರೆ ಶೇಕಡಾ 6ರಷ್ಟು, 80 ಡಿಗ್ರಿ ಓರೆಯಾದರೆ ಮೂರನೇ ಒಂದು ಪಾಲು. ಅದಕ್ಕೇ ನಮ್ಮ ಕಾಲಬುಡದ ಹತ್ತಿರ ಪ್ರತಿಬಿಂಬ ಮಂಕು, ದೂರ ಹೋದಂತೆ ಗಾಢ. ಜೊತೆಗೆ ಕೆಳಗಿನ ಡಾಂಬರಿನ ಬಣ್ಣ, ಕೆಸರಿನ ಬಣ್ಣ ಅದರಲ್ಲಿ ಸೇರಿರುತ್ತದೆ.

ಈ ಲೆಕ್ಕವನ್ನು ನೀವು ಹಾಕಬೇಕಿಲ್ಲ, ಹಳೆ ಅಕ್ಷರ ಹಾಕಿ ಕೊಟ್ಟಿದೆ. ಬರೆದಿಟ್ಟ ಎರಡು ಬಣ್ಣ ತೆಗೆದುಕೊಳ್ಳಿ. ಲೇಯರ್ ಪಟ್ಟಿಯಲ್ಲಿ `Lock alpha channel` ಒತ್ತಿ, `Gradient` ಉಪಕರಣದಿಂದ ದೂರದ ಸಾಲಿನ ಬಣ್ಣದಿಂದ ಹತ್ತಿರದ ಸಾಲಿನ ಬಣ್ಣಕ್ಕೆ ಎಳೆಯಿರಿ. ಅಕ್ಷರಕ್ಕೆ ಮಾತ್ರ ಬಣ್ಣ ಬೀಳುತ್ತದೆ. ಅದು ಬೂದು, ಕಂದು ಕಂಡರೆ ಹೆದರಬೇಡಿ. ಕೆಂಪಿನ ಮೇಲೆ ಅದೇ ಬಿಳಿಯಾಗಿ ಕಾಣುತ್ತದೆ.

ಮಸುಕು. ಇದಕ್ಕೆ ಮೊದಲು `Lock alpha channel` ತೆಗೆಯಿರಿ. ಮರೆತರೆ ಎಷ್ಟು ಮಸುಕು ಕೊಟ್ಟರೂ ಅಕ್ಷರದ ಅಂಚು ಚಾಕುವಿನಂತೆ ಹಾಗೇ ಉಳಿಯುತ್ತದೆ. ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂದು ಅಂಕಿ ಏರಿಸುತ್ತಲೇ ಹೋಗುವವರನ್ನು ನೋಡಿದ್ದೇನೆ, ಕಾರಣ ಈ ಬೀಗ.

`Filters > Blur > Gaussian Blur` ತೆರೆದು, `Size X` ಮತ್ತು `Size Y` ನಡುವಿನ ಸರಪಳಿ ಗುರುತನ್ನು ಬಿಡಿಸಿ. ಅಲೆ ಇರುವ ನೀರಿನಲ್ಲಿ ಬೆಳಕು ನಮ್ಮ ಕಡೆಗೆ, ಅಂದರೆ ಚಿತ್ರದಲ್ಲಿ ಮೇಲೆ ಕೆಳಗೆ, ಜಾಸ್ತಿ ಹರಡುತ್ತದೆ. ಪಕ್ಕಕ್ಕೆ ಕಡಿಮೆ. ಈ ಫೋಟೊಗೆ ನಾನು ಕೊಟ್ಟದ್ದು ಅಡ್ಡಕ್ಕೆ 1.5, ಉದ್ದಕ್ಕೆ 4. ನಿಮ್ಮ ಅಂಕಿ ಬೇರೆಯಾಗುತ್ತದೆ. ಬೋರ್ಡಿನ ಕೆಂಪು ಅಂಚು ನೀರಿನಲ್ಲಿ ಎಷ್ಟು ಮಸುಕಾಗಿದೆಯೋ ಅಷ್ಟಕ್ಕೆ ನಿಲ್ಲಿಸಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬ ಇದೆ. ನೀರಿನ ಅಂಚಿನ ಜಲ್ಲಿ ಫೋಕಸ್ ಇಲ್ಲದೆ ಮಸುಕಾಗಿದೆ, ಹಾಗಾಗಿ ನೀರಿನ ಅಕ್ಷರವೂ ಅಷ್ಟೇ ಮಸುಕಾಗಬೇಕು ಎಂದುಕೊಳ್ಳುತ್ತಾರೆ. ಕ್ಯಾಮೆರಾಗೆ ಪ್ರತಿಬಿಂಬ ಇರುವುದು ನೀರಿನ ಮೇಲಲ್ಲ. ಕ್ಯಾಮೆರಾದಿಂದ ನೀರಿಗೆ, ನೀರಿನಿಂದ ಬೋರ್ಡಿಗೆ ಆಗುವ ಒಟ್ಟು ದೂರದಲ್ಲಿ ಅದು ಇದೆ. ಬೋರ್ಡು ಫೋಕಸ್‌ನಲ್ಲಿದ್ದರೆ ಅದರ ಪ್ರತಿಬಿಂಬವೂ ಹೆಚ್ಚುಕಮ್ಮಿ ಫೋಕಸ್‌ನಲ್ಲೇ ಇರುತ್ತದೆ, ಪಕ್ಕದ ಜಲ್ಲಿ ಮಸುಕಾಗಿದ್ದರೂ ಸರಿ. ಹೋಲಿಸಬೇಕಾದದ್ದು ಜಲ್ಲಿಗಲ್ಲ, ಬೋರ್ಡಿನ ಅಂಚಿಗೆ.

ಕೆಳಸಾಲಿನ ಸಣ್ಣ ಒತ್ತುಗಳು ಈ ಹಂತದಲ್ಲಿ ಕರಗಿ ಹೋಗಬಹುದು. ಹಳೆಯ BREAD CAKE PUFFS ನೀರಿನಲ್ಲಿ ಓದಲು ಬರುತ್ತಿರಲಿಲ್ಲ ಎಂದರೆ ‘ಬ್ರೆಡ್ ಕೇಕ್ ಪಫ್ಸ್’ ಕೂಡ ಓದಲು ಬರಬಾರದು. ಗಿರಾಕಿ ಕೇಳಿದರೂ ನಾನು ಇಲ್ಲಿ ಒಪ್ಪುವುದಿಲ್ಲ. ನೀರು ತೋರಿಸದ್ದನ್ನು ತೋರಿಸಿದರೆ ಆ ಜಾಗದಲ್ಲೇ ಸುಳ್ಳು ಎದ್ದು ಕಾಣುತ್ತದೆ.

## 7. ಅಡ್ಡ ಬರುವುದನ್ನು ಅಡ್ಡವೇ ಇಡಿ

ಅಕ್ಷರದ ಲೇಯರಿಗೆ ಬಿಳಿ ಮಾಸ್ಕ್ ಸೇರಿಸಿ. ಕಪ್ಪು ಕುಂಚದಿಂದ ಎಲೆ, ಜಲ್ಲಿ, ಒಣ ನೆಲ ಇರುವ ಕಡೆ ಅಕ್ಷರವನ್ನು ಮರೆಮಾಡಿ. ನೀರು ಎಲ್ಲಿ ಮುಗಿಯುತ್ತದೋ ಅಕ್ಷರವೂ ಅಲ್ಲೇ ತುಂಡಾಗಬೇಕು. ನಮ್ಮ ಫೋಟೊದಲ್ಲಿ ‘ಬೇಕರಿ’ಯ ‘ರಿ’ ಅರ್ಧ ಮಾತ್ರ ನೀರಿನಲ್ಲಿ ಬಿತ್ತು, ಉಳಿದರ್ಧ ಒಣ ಡಾಂಬರಿನ ಮೇಲೆ. ಅದನ್ನು ಅರ್ಧವೇ ಬಿಟ್ಟೆ.

ಪ್ರತಿಬಿಂಬದಲ್ಲಿ ಮಾತ್ರ ಅಡ್ಡ ಬರುವ ವಸ್ತುಗಳೂ ಇರುತ್ತವೆ. ಅಂಗಡಿ ಮುಂದೆ ನಿಂತ ಸ್ಕೂಟರಿನ ಕನ್ನಡಿ ಬೋರ್ಡನ್ನು ಮರೆಮಾಡುತ್ತಿಲ್ಲ. ಆದರೆ ನೀರು ತುಂಬ ಕೆಳಗಿನಿಂದ ನೋಡುವುದರಿಂದ, ಅಲ್ಲಿ ಸ್ಕೂಟರಿನ ಕನ್ನಡಿ ಬೋರ್ಡಿನ ಮೂಲೆಗೆ ಅಡ್ಡ ಬಂದಿದೆ. ಮೇಲಿನ ಲೇಯರುಗಳನ್ನು ಮರೆಮಾಡಿ, ಮತ್ತೆ ತೋರಿಸಿ, ಕೆಳಗಿರುವ ಮೂಲ ಲೇಯರಿಗೆ ಹೋಲಿಸಿ ನೋಡುತ್ತಾ ಇಂಥವನ್ನು ಹುಡುಕಿ. ಅವುಗಳ ಮೇಲೆ ಅಕ್ಷರ ಹರಿದಿದ್ದರೆ ಮಾಸ್ಕಿನಲ್ಲಿ ಒರೆಸಿ. ತಂತಿಗಳದೂ ಇದೇ ಕಥೆ.

## 8. ಕೊಡುವ ಮೊದಲಿನ ಪರೀಕ್ಷೆ

`View > Flip & Rotate > Flip Vertically` ಒತ್ತಿ. ಚಿತ್ರ ಬದಲಾಗುವುದಿಲ್ಲ, ನೋಟ ಮಾತ್ರ ಮಗುಚುತ್ತದೆ. ಈಗ ನೀರಿನ ಅಕ್ಷರ ನೆಟ್ಟಗೆ ಓದಲು ಬರಬೇಕು: ‘ಅಯ್ಯಂಗಾರ್ ಬೇಕರಿ’ ಮೇಲೆ, ‘ಬ್ರೆಡ್ ಕೇಕ್ ಪಫ್ಸ್’ ಕೆಳಗೆ, ಎಡದಿಂದ ಬಲಕ್ಕೆ. ಕಾಗುಣಿತದ ತಪ್ಪು ಸಿಗುವುದೂ ಇಲ್ಲೇ. ಬೋರ್ಡನ್ನು ತಿದ್ದಿ ನೀರಿನದನ್ನು ಮರೆತಿದ್ದರೆ ಎರಡು ಕಡೆ ಎರಡು ಬರಹ ಇರುತ್ತದೆ. ಮಗುಚಿದ ಅಕ್ಷರದಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ.

ಆಮೇಲೆ ನೋಟವನ್ನು ಮೊದಲಿನಂತೆ ಮಾಡಿ, ಹೊಸ ಅಕ್ಷರದಿಂದಲೇ ಮೂರು ಜೋಡಿ ಅಳೆಯಿರಿ. ‘ಅ’ದ ಎಡ ತುದಿ, ನಡುವಿನ ‘ಬೇ’ಯ ತಲೆ, ‘ಪಫ್ಸ್’ನ ಒತ್ತು. ಪ್ರತಿ ಜೋಡಿಯ ಅರ್ಧ 2464ರ ಆಚೀಚೆ ಎರಡು ಮೂರು ಪಿಕ್ಸೆಲ್ ಒಳಗಿರಬೇಕು. ಅಲೆಗೆ ಅಷ್ಟು ಬಿಡಬಹುದು. ಮೂರೂ ಒಂದೇ ಕಡೆಗೆ ತಪ್ಪಿದ್ದರೆ ಅದು ಅಲೆಯಲ್ಲ, 928ರ ಲೆಕ್ಕದಲ್ಲಿ ಅಥವಾ `Layer to Image Size` ಬಿಟ್ಟದ್ದರಲ್ಲಿ ತಪ್ಪಾಗಿದೆ. 5ನೇ ಹಂತಕ್ಕೆ ಹಿಂತಿರುಗಿ.

ಕೊನೆಗೆ ಚಿತ್ರವನ್ನು ಶೇಕಡಾ 25ಕ್ಕೆ ಕಿರಿದು ಮಾಡಿ ನೋಡಿ. ಕಣ್ಣು ಮೊದಲು ನೀರಿನ ಅಕ್ಷರಕ್ಕೇ ಹೋದರೆ ಅದು ಜಾಸ್ತಿ ಬೆಳ್ಳಗಿದೆ ಅಥವಾ ಜಾಸ್ತಿ ಚೂಪಾಗಿದೆ. ಬಣ್ಣವನ್ನು ಸ್ವಲ್ಪ ಇಳಿಸಿ. ಬೋರ್ಡಿಗೆ ಹೋಗಿ, ಆಮೇಲೆ ನೀರಿಗೆ ಇಳಿದರೆ ಸರಿಯಾಗಿದೆ. `xcf` ಕಡತವನ್ನು ಎಲ್ಲ ಲೇಯರುಗಳ ಸಮೇತ ಉಳಿಸಿ, ಅಳತೆ ಬರೆದ ಹಾಳೆಯ ಒಂದು ಫೋಟೊವನ್ನೂ ಅದೇ ಫೋಲ್ಡರಿಗೆ ಹಾಕಿಡಿ. ಬೋರ್ಡಿನಲ್ಲಿ ಇನ್ನೊಂದು ಪದ ಸೇರಿಸಿ ಎಂದು ಕರೆ ಬಂದಾಗ 3ನೇ ಹಂತದಿಂದ ಶುರು ಮಾಡಿದರೆ ಸಾಕು.